ಸಂಬಳದ ಮೂರು ಪಾಲು, ಐದು ವರ್ಷದ ಲೆಕ್ಕ

ಆಫರ್ ಲೆಟರಿನಲ್ಲಿ ವರ್ಷಕ್ಕೆ 3 ಲಕ್ಷ 90 ಸಾವಿರ ಎಂದು ಬರೆದಿರುತ್ತದೆ. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ ಮೂವತ್ತೆರಡೂವರೆ ಸಾವಿರ. ಊರಿನಲ್ಲಿ ಅಮ್ಮ ಅಕ್ಕಪಕ್ಕದವರಿಗೆ ಹೇಳಿದ್ದೂ ಅಷ್ಟೇ. ತಿಂಗಳ ಕೊನೆಗೆ ಬ್ಯಾಂಕಿನಿಂದ ಬಂದ ಮೆಸೇಜಿನಲ್ಲಿ ಮಾತ್ರ 28,000 ಇರುತ್ತದೆ. ಉಳಿದ ನಾಲ್ಕೂವರೆ ಸಾವಿರ ಎಲ್ಲಿ ಹೋಯಿತು ಎಂದು ಕೇಳುವುದಕ್ಕೆ ಮೊದಲ ಕೆಲಸದ ಸಂಕೋಚ ಬಿಡುವುದಿಲ್ಲ.

ಲೆಕ್ಕಕ್ಕಾಗಿ ಇಂಥ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳೋಣ. ದಾವಣಗೆರೆ ಕಡೆಯವಳು, ಡಿಪ್ಲೊಮಾ ಮುಗಿಸಿ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಿಸುವ ಕೆಲಸಕ್ಕೆ ಸೇರಿದ್ದಾಳೆ. ವಯಸ್ಸು ಇಪ್ಪತ್ತೆರಡು. ಅವಳ ಪೇಸ್ಲಿಪ್ಪಿನಲ್ಲಿ ಒಟ್ಟು ಸಂಬಳ 30,000, ಅದರಲ್ಲಿ ಮೂಲ ವೇತನ 15,000. ಮೂಲ ವೇತನದ ಶೇ 12ರಷ್ಟು, ಅಂದರೆ 1,800 ರೂಪಾಯಿ ಪಿಎಫ್‌ಗೆ ಹೋಗುತ್ತದೆ. ಕರ್ನಾಟಕದಲ್ಲಿ 25 ಸಾವಿರ ಮತ್ತು ಅದಕ್ಕಿಂತ ಹೆಚ್ಚು ಸಂಬಳದವರಿಗೆ ವೃತ್ತಿ ತೆರಿಗೆ 200. ಇವೆರಡು ಕಳೆದರೆ ಕೈಗೆ 28,000. ಆಫರ್ ಲೆಟರಿನ ದೊಡ್ಡ ಮೊತ್ತದಲ್ಲಿ ಕಂಪನಿ ತನ್ನ ಪಾಲಿನ ಪಿಎಫ್ 1,800 ಮತ್ತು ಮುಂದೆಂದೋ ಕೊಡಬೇಕಾದ ಗ್ರಾಚ್ಯುಟಿಗೆಂದು ತಿಂಗಳಿಗೆ ಏಳುನೂರು ಚಿಲ್ಲರೆಯನ್ನೂ ಸೇರಿಸಿಕೊಂಡಿತ್ತು. ಅದು ಸುಳ್ಳಲ್ಲ. ಆದರೆ ಆ ದುಡ್ಡಿನಲ್ಲಿ ಈ ತಿಂಗಳ ಪಿಜಿ ಬಾಡಿಗೆ ಕಟ್ಟಲಾಗದು.

ಸಂಬಳ ಹಂಚುವ ಯಾವುದೇ ಲೆಕ್ಕ ಈ 28,000ದಿಂದ ಶುರುವಾಗಬೇಕು. ಮೂವತ್ತೆರಡೂವರೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಖರ್ಚು ಹಾಕಿಕೊಂಡವರು ಮೂರನೇ ತಿಂಗಳಿಗೇ ಕೈಸಾಲಕ್ಕೆ ಇಳಿದಿರುತ್ತಾರೆ.

ಅರ್ಧ ಅಗತ್ಯಕ್ಕೆ, ನೂರಕ್ಕೆ ಮೂವತ್ತು ಆಸೆಗೆ, ಇಪ್ಪತ್ತು ಉಳಿತಾಯಕ್ಕೆ ಎಂಬ ಸೂತ್ರ ಈಗ ಎಲ್ಲರ ಬಾಯಲ್ಲೂ ಇದೆ. ಇದನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಎಲಿಜಬೆತ್ ವಾರನ್ ಮತ್ತು ಅವರ ಮಗಳು ಅಮೀಲಿಯಾ ವಾರನ್ ತ್ಯಾಗಿ, 2005ರಲ್ಲಿ ಬಂದ ‘ಆಲ್ ಯುವರ್ ವರ್ತ್’ ಎಂಬ ಪುಸ್ತಕದಲ್ಲಿ. ವಾರನ್ ಆಗ ಹಾರ್ವರ್ಡ್ ಕಾನೂನು ಶಾಲೆಯ ಪ್ರಾಧ್ಯಾಪಕಿ. ಸೆನೆಟರ್ ಆದದ್ದು ಆಮೇಲೆ. ಅವರು ವರ್ಷಗಟ್ಟಲೆ ಅಧ್ಯಯನ ಮಾಡಿದ್ದು ದಿವಾಳಿಯಾದ ಕುಟುಂಬಗಳನ್ನು. ದುಂದುಗಾರಿಕೆಯಿಂದ ಮುಳುಗಿದವರಿಗಿಂತ, ಮನೆ ಕಂತು, ಕಾರಿನ ಕಂತು, ವಿಮೆ ಮುಂತಾಗಿ ಪ್ರತಿ ತಿಂಗಳೂ ಕಟ್ಟಲೇಬೇಕಾದ ಬಾಬ್ತುಗಳ ಭಾರಕ್ಕೆ ಮುಳುಗಿದವರೇ ಅವರಿಗೆ ಹೆಚ್ಚು ಕಂಡರು. ಕೆಲಸ ಹೋದಾಗ ಸಿನಿಮಾ ನಿಲ್ಲಿಸಬಹುದು, ಕಂತು ನಿಲ್ಲಿಸಲಾಗದು. ಹಾಗಾಗಿ ಈ ಸೂತ್ರದಲ್ಲಿ ನಿಜಕ್ಕೂ ಗಟ್ಟಿಯಾದ ಅಂಕಿ ಇಪ್ಪತ್ತಲ್ಲ, ಐವತ್ತು. ನಿಲ್ಲಿಸಲಾಗದ ಖರ್ಚು ಸಂಬಳದ ಅರ್ಧ ದಾಟಬಾರದು ಎಂಬುದೇ ಅದರ ತಿರುಳು.

ಪೀಣ್ಯದ ಹುಡುಗಿಗೆ ಈ ಹಂಚಿಕೆ ಹೀಗಾಗುತ್ತದೆ: ಅಗತ್ಯಕ್ಕೆ 14,000, ಆಸೆಗೆ 8,400, ಉಳಿತಾಯಕ್ಕೆ 5,600.

ಹದಿನಾಲ್ಕು ಸಾವಿರದಲ್ಲಿ ಬೆಂಗಳೂರಿನ ಬದುಕು ಸಾಧ್ಯವೇ? ಇಬ್ಬರ ಕೋಣೆಯ ಪಿಜಿ, ಊಟ ಸೇರಿ, 7,500 ಎಂದಿಟ್ಟುಕೊಳ್ಳೋಣ. ಮೊಬೈಲ್ ರೀಚಾರ್ಜಿಗೆ 300. ಸಾಬೂನು, ಔಷಧಿ, ಇತರ ಸಾಮಾನಿಗೆ 900. ಪಿಜಿ ಊಟ ತಪ್ಪಿದ ದಿನಗಳ ತಿಂಡಿಗೂ, ರಾತ್ರಿ ಪಾಳಿ ಮುಗಿಸಿ ಬರುವಾಗಿನ ಆಟೊಗೂ 800. ಬಸ್ಸಿನ ಖರ್ಚು ಅವಳಿಗಿಲ್ಲ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಪಕ್ಕದ ಬೆಂಚಿನಲ್ಲಿ ಕೆಲಸ ಮಾಡುವ ಹುಡುಗ ಮಾಸಿಕ ಪಾಸಿಗೆ ಸಾವಿರಕ್ಕೂ ಹೆಚ್ಚು ಕೊಡುತ್ತಾನೆ. ಇಷ್ಟು ಕೂಡಿದರೆ ಅವಳ ಲೆಕ್ಕ 9,500ಕ್ಕೆ ನಿಲ್ಲುತ್ತದೆ. ಉಳಿದ 4,500 ಊರಿಗೆ.

ವಾರನ್ ಅವರ ಮೂರು ಪಾಲಿನಲ್ಲಿ ಈ ಊರಿನ ದುಡ್ಡಿಗೆ ಬೇರೆ ಕಪಾಟಿಲ್ಲ. ನಮ್ಮಲ್ಲಿ ಮೊದಲ ಸಂಬಳದವರ ಲೆಕ್ಕ ತಪ್ಪುವುದೇ ಇಲ್ಲಿ. ಕೆಲವರು ಅದನ್ನು ಉಳಿತಾಯ ಎಂದು ಬರೆದುಕೊಳ್ಳುತ್ತಾರೆ. ಮನೆಗೆ ಕೊಟ್ಟದ್ದು ಎಲ್ಲಿ ಹೋಗುತ್ತದೆ, ಅಪ್ಪನ ಕೈಯಲ್ಲೇ ಇರುತ್ತದಲ್ಲ ಎಂಬ ಭಾವ. ಆದರೆ ಆ ದುಡ್ಡು ಬೋರ್‌ವೆಲ್ ಮೋಟರಿಗೋ, ತಮ್ಮನ ಫೀಸಿಗೋ, ಸೊಸೈಟಿ ಸಾಲಕ್ಕೋ ಖರ್ಚಾಗಿರುತ್ತದೆ. ಆಗಲೇಬೇಕಾದ ಖರ್ಚೇ ಅದು. ಹಾಗಾಗಿಯೇ ಅದು ಅಗತ್ಯದ ಪಾಲಿಗೆ ಸೇರಬೇಕು, ಪಿಜಿ ಬಾಡಿಗೆಯ ಪಕ್ಕದಲ್ಲಿ, ಗೊತ್ತಾದ ಒಂದು ಮೊತ್ತವಾಗಿ.

ಗೊತ್ತಾದ ಮೊತ್ತ ಎಂಬುದೇ ಮುಖ್ಯ. ‘ಈ ತಿಂಗಳು ಸ್ವಲ್ಪ ಜಾಸ್ತಿ ಹಾಕಮ್ಮ’ ಎಂಬ ಫೋನು ತಿಂಗಳ ಹದಿನೈದಕ್ಕೆ ಬಂದರೆ, ಅದಕ್ಕೆ ಸಿಗುವ ದುಡ್ಡು ಯಾವಾಗಲೂ ಉಳಿತಾಯದ್ದೇ. ಒಂದನೇ ತಾರೀಕಿಗೇ 4,500 ಹಾಕಿ, ‘ಇಷ್ಟರ ಮೇಲೆ ಬೇಕಾದರೆ ಒಂದು ತಿಂಗಳು ಮೊದಲೇ ಹೇಳಿ’ ಎಂದು ಅಪ್ಪನ ಜತೆ ಕೂತು ಮಾತಾಡಿಕೊಂಡ ಮನೆಗಳಲ್ಲಿ ಈ ತೊಂದರೆ ಕಡಿಮೆ. ಈ ಮಾತು ಆಡುವುದು ಸುಲಭವಲ್ಲ, ಅದರಲ್ಲೂ ಹೆಣ್ಣುಮಕ್ಕಳಿಗೆ. ಸಂಬಳ ಎಷ್ಟೆಂದು ಮನೆಯವರಿಗೆ ನಿಖರವಾಗಿ ಗೊತ್ತಿಲ್ಲದಿರುವುದು, ಅಥವಾ ಆಫರ್ ಲೆಟರಿನ ಅಂಕಿಯನ್ನೇ ಸಂಬಳ ಎಂದು ನಂಬಿರುವುದು ಇದನ್ನು ಇನ್ನಷ್ಟು ಕಷ್ಟ ಮಾಡುತ್ತದೆ. ಪೇಸ್ಲಿಪ್ ತೋರಿಸಿದರೆ ಅರ್ಧ ಮಾತು ಮುಗಿಯುತ್ತದೆ.

ಆಸೆಯ ಪಾಲು 8,400. ಭಾನುವಾರದ ಬಿರಿಯಾನಿ, ಸಿನಿಮಾ, ಹೊಸ ಚೂಡಿದಾರ್, ಗೆಳತಿಯರ ಜತೆ ಚಿಕ್ಕಮಗಳೂರಿನ ಬೆಟ್ಟ ಎಲ್ಲ ಇದರಲ್ಲೇ ಬರಬೇಕು. ಇಷ್ಟೊಂದು ಏಕೆ ಎಂದು ಹಿರಿಯರು ಕೇಳಬಹುದು. ಆದರೆ ಇಪ್ಪತ್ತೆರಡರ ವಯಸ್ಸಿನಲ್ಲಿ ಆಸೆಗೆ ಸೊನ್ನೆ ಇಟ್ಟ ಲೆಕ್ಕ ಎರಡು ತಿಂಗಳೂ ನಡೆಯುವುದಿಲ್ಲ. ಮೂರನೇ ತಿಂಗಳು ಒಂದೇ ಸಲ ಹತ್ತು ಸಾವಿರದ ಖರೀದಿಯಾಗಿ ಹೊರಬರುತ್ತದೆ. ಮದುವೆ ಮುಯ್ಯಿ, ಯುಗಾದಿಗೆ ಅಮ್ಮನ ಸೀರೆ, ದೀಪಾವಳಿಗೆ ಊರಿನ ಓಡಾಟ ಕೂಡ ಈ ಪಾಲಿನವೇ. ಇವು ಅನಿರೀಕ್ಷಿತ ಖರ್ಚುಗಳಲ್ಲ, ಪಂಚಾಂಗ ನೋಡಿದರೆ ಗೊತ್ತಾಗುವಂಥವು. ತಿಂಗಳಿಗೆ ಸಾವಿರದೈನೂರು ಇದಕ್ಕೆಂದು ಎತ್ತಿಟ್ಟರೆ ವರ್ಷಕ್ಕೆ 18,000 ಆಗುತ್ತದೆ, ಮೇ ತಿಂಗಳ ಮದುವೆಗಳು ಉಳಿತಾಯಕ್ಕೆ ಕೈ ಹಾಕುವುದಿಲ್ಲ.

ಆಸೆಯ ಪಾಲಿನ ನಿಜವಾದ ಅಪಾಯ ಬಿರಿಯಾನಿಯಲ್ಲ, ಕಂತು. ಹೊಸ ಫೋನಿಗೆ ತಿಂಗಳಿಗೆ 2,500ರಂತೆ ಹನ್ನೆರಡು ಕಂತು ಒಪ್ಪಿಕೊಂಡ ಕ್ಷಣದಿಂದ ಆ ಆಸೆ ಅಗತ್ಯವಾಗಿಬಿಡುತ್ತದೆ; ಕೆಲಸ ಹೋದರೂ ಕಟ್ಟಲೇಬೇಕು. ಅವಳ ಐವತ್ತು ಒಂದೇ ಸಂಜೆಯಲ್ಲಿ ಐವತ್ತೊಂಬತ್ತಾಗುತ್ತದೆ. ಇದರ ಮೇಲೆ ಕ್ರೆಡಿಟ್ ಕಾರ್ಡು ಬಂದು, ಪೂರ್ತಿ ಬಿಲ್ಲಿನ ಬದಲು ‘ಕನಿಷ್ಠ ಮೊತ್ತ’ ಮಾತ್ರ ಕಟ್ಟುವ ಅಭ್ಯಾಸ ಶುರುವಾದರೆ ಕಥೆಯೇ ಬೇರೆ. ಬಾಕಿ ಮೊತ್ತಕ್ಕೆ ತಿಂಗಳಿಗೆ ಶೇ 3.5ರ ಆಸುಪಾಸಿನ ಬಡ್ಡಿ ಹಾಕುವ ಕಾರ್ಡುಗಳು ಸಾಮಾನ್ಯ. ಅಂದರೆ ವರ್ಷಕ್ಕೆ ಶೇ 40 ದಾಟುತ್ತದೆ. ಅಂಚೆ ಕಚೇರಿಯಲ್ಲಿ ಶೇ 6.7ಕ್ಕೆ ಉಳಿಸುತ್ತಾ ಕಾರ್ಡಿನಲ್ಲಿ ಶೇ 40ಕ್ಕೆ ಸಾಲ ಇಟ್ಟುಕೊಂಡವರು ಉಳಿಸುತ್ತಿಲ್ಲ. ಅಂಥವರ ಇಪ್ಪತ್ತರ ಪಾಲು ಮೊದಲು ಕಾರ್ಡಿಗೇ ಹೋಗಬೇಕು.

ಯಾವ ಖರ್ಚು ಯಾವ ಪಾಲಿನದು ಎಂದು ಅನುಮಾನ ಬಂದಾಗ ಒಂದೇ ಪ್ರಶ್ನೆ ಸಾಕು: ನಾಳೆ ಕೆಲಸ ಹೋದರೆ ಮುಂದಿನ ತಿಂಗಳು ಇದನ್ನು ನಿಲ್ಲಿಸಬಹುದೇ? ಕಳೆದ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ಪ್ರತಿ ಸಾಲಿಗೂ ಈ ಪ್ರಶ್ನೆ ಕೇಳಿ, ಪಕ್ಕದಲ್ಲಿ ಒಂದು ಅಕ್ಷರ ಬರೆಯುತ್ತ ಹೋದರೆ ಒಂದು ಗಂಟೆಯ ಕೆಲಸ. ಯುಪಿಐ ಬಂದ ಮೇಲೆ ಮೂವತ್ತು, ಐವತ್ತು, ಎಂಬತ್ತರ ಪಾವತಿಗಳೇ ಪುಟಗಟ್ಟಲೆ ಇರುತ್ತವೆ. ಒಂದೊಂದೂ ಚಿಕ್ಕದು, ಕೂಡಿಸಿದಾಗ ಮಾತ್ರ ಅವು ಫೋನಿನ ಕಂತಿಗೆ ಸಮನಾಗಿರುವುದು ಕಾಣುತ್ತದೆ.

ಇನ್ನು ಉಳಿತಾಯ. ತಿಂಗಳ ಕೊನೆಗೆ ಮಿಕ್ಕಿದ್ದನ್ನು ಉಳಿಸುತ್ತೇನೆ ಎನ್ನುವವರ ಖಾತೆಯಲ್ಲಿ ಮಿಕ್ಕುವುದು ಅಪರೂಪ. ಸಂಬಳ ಬಿದ್ದ ಮರುದಿನವೇ 5,600 ತಾನಾಗಿ ಬೇರೆ ಖಾತೆಗೆ ಹೋಗುವಂತೆ ಬ್ಯಾಂಕಿಗೆ ಸೂಚನೆ ಕೊಡಬಹುದು. ಆ ಎರಡನೇ ಖಾತೆಗೆ ಯುಪಿಐ ಜೋಡಿಸದಿರುವುದು ಲೇಸು.

ಮೊದಲ ಎಂಟು ತಿಂಗಳ ಉಳಿತಾಯಕ್ಕೆ ಒಂದೇ ಗುರಿ, ಆಪತ್ತಿನ ದುಡ್ಡು. ಎಂಟು ತಿಂಗಳಲ್ಲಿ 44,800 ಸೇರುತ್ತದೆ, ಅವಳ ಮೂರು ತಿಂಗಳ ಅಗತ್ಯಕ್ಕಿಂತ ತುಸು ಹೆಚ್ಚು. ಇದು ಬ್ಯಾಂಕಿನ ಉಳಿತಾಯ ಖಾತೆಯಲ್ಲೋ, ಬೇಕೆಂದಾಗ ಮುರಿಯಬಹುದಾದ ಎಫ್‌ಡಿಯಲ್ಲೋ ಇರಬೇಕು; ಬಡ್ಡಿ ಕಡಿಮೆಯಾದರೂ ಚಿಂತೆಯಿಲ್ಲ. ಇದನ್ನು ಅಂಚೆ ಕಚೇರಿಯ ಐದು ವರ್ಷದ ಆರ್‌ಡಿಯಲ್ಲಿ ಹಾಕಿದರೆ ಎಡವಟ್ಟು. ಆ ಖಾತೆಯನ್ನು ಮೂರು ವರ್ಷ ತುಂಬುವ ಮೊದಲು ಮುಚ್ಚಲಾಗದು. ಆಮೇಲೆ ಅವಧಿಗೆ ಮುನ್ನ ಮುಚ್ಚಿದರೂ ಸಿಗುವುದು ಬರೀ ಉಳಿತಾಯ ಖಾತೆಯ ಬಡ್ಡಿ. ಒಂದು ವರ್ಷ ಕಂತು ಕಟ್ಟಿದ ಮೇಲೆ ಅರ್ಧದಷ್ಟು ಸಾಲ ಸಿಗುತ್ತದೆ ಎಂಬುದೊಂದೇ ಸಮಾಧಾನ.

ಆಪತ್ತಿನ ದುಡ್ಡು ಸೇರಿದ ಮೇಲೆ ಅದೇ ಆರ್‌ಡಿ ಬಹಳ ಒಳ್ಳೆಯ ಜಾಗ, ಸುಲಭಕ್ಕೆ ಮುರಿಯಲಾಗದು ಎಂಬ ಕಾರಣಕ್ಕೇ. 2023ರ ಅಕ್ಟೋಬರ್‌ನಲ್ಲಿ ಅದರ ಬಡ್ಡಿ ಶೇ 6.7 ಆಯಿತು. ಸರ್ಕಾರ ಮೂರು ತಿಂಗಳಿಗೊಮ್ಮೆ ದರ ಪರಿಶೀಲಿಸುತ್ತದೆ, ಆದರೆ ಖಾತೆ ತೆರೆದ ದಿನದ ದರವೇ ಐದೂ ವರ್ಷ ಇರುತ್ತದೆ. ಕಂತು ತಪ್ಪಿದರೆ ನೂರಕ್ಕೆ ಒಂದು ರೂಪಾಯಿ ದಂಡ. ಈ ದರದಲ್ಲಿ ತಿಂಗಳಿಗೆ ಸಾವಿರ ರೂಪಾಯಿ ಕಟ್ಟಿದರೆ ಐದು ವರ್ಷಕ್ಕೆ ಸುಮಾರು 71,366 ಬರುತ್ತದೆ. ಈ ಒಂದು ಅಂಕಿ ಇದ್ದರೆ ಯಾರ ಉಳಿತಾಯವನ್ನಾದರೂ ಗುಣಿಸಿ ನೋಡಬಹುದು.

5,600ಕ್ಕೆ ಗುಣಿಸಿದರೆ ಸುಮಾರು 4 ಲಕ್ಷ. ಆಪತ್ತಿನ ದುಡ್ಡಿಗೆ ಕಡಿಮೆ ಬಡ್ಡಿ ಬರುವುದರಿಂದ ನಿಜದಲ್ಲಿ ಸ್ವಲ್ಪ ಕಡಿಮೆಯಾಗುತ್ತದೆ. ಲೆಕ್ಕ ಸರಳವಾಗಿರಲೆಂದು ಅದನ್ನು ಬಿಡೋಣ. ಅವಳು ಕೈಯಿಂದ ಕಟ್ಟಿದ್ದು 3 ಲಕ್ಷ 36 ಸಾವಿರ, ಬಡ್ಡಿ 64 ಸಾವಿರದ ಆಸುಪಾಸು. ಅಂದರೆ ಈ 4 ಲಕ್ಷದಲ್ಲಿ ನೂರಕ್ಕೆ ಎಂಬತ್ತನಾಲ್ಕು ಪಾಲು ಅವಳದೇ ದುಡಿಮೆ. ಚಕ್ರಬಡ್ಡಿಯ ಪವಾಡಗಳನ್ನು ಹೇಳುವ ಜಾಹೀರಾತುಗಳೆಲ್ಲ ಇಪ್ಪತ್ತೈದು, ಮೂವತ್ತು ವರ್ಷದ ಲೆಕ್ಕ ತೋರಿಸುವುದು ಇದೇ ಕಾರಣಕ್ಕೆ. ಐದು ವರ್ಷದಲ್ಲಿ ಬಡ್ಡಿಗೆ ಬೆಳೆಯಲು ಸಮಯವೇ ಸಿಕ್ಕಿರುವುದಿಲ್ಲ.

ಹಾಗಾದರೆ ಹೆಚ್ಚು ಲಾಭದ ಕಡೆ ಹಾಕಬಾರದೇ? ಮ್ಯೂಚುವಲ್ ಫಂಡಿನ ಎಸ್‌ಐಪಿಯಲ್ಲಿ ವರ್ಷಕ್ಕೆ ಶೇ 12 ಬಂತು ಎಂದು ಧಾರಾಳವಾಗಿ ಊಹಿಸೋಣ. ಅದೇ 5,600 ಐದು ವರ್ಷಕ್ಕೆ ಸುಮಾರು 4 ಲಕ್ಷ 62 ಸಾವಿರ ಆಗುತ್ತದೆ. ಅರವತ್ತೆರಡು ಸಾವಿರ ಹೆಚ್ಚು.

ಈಗ ಇನ್ನೊಂದು ಲೆಕ್ಕ. ಅವಳಿಗೆ ವರ್ಷಕ್ಕೆ ಶೇ 8ರಷ್ಟು ಸಂಬಳ ಏರುತ್ತದೆ ಎಂದುಕೊಳ್ಳೋಣ. ಷೇರು ಪೇಟೆಯ ಗೊಡವೆಗೇ ಹೋಗದೆ, ಅದೇ ಶೇ 6.7ರ ಬಡ್ಡಿಯಲ್ಲೇ ಇದ್ದು, ಏರಿದ ಸಂಬಳದಲ್ಲೂ ಇಪ್ಪತ್ತರ ಪಾಲನ್ನು ಬಿಡದೆ ಎತ್ತಿಟ್ಟರೆ ಸಾಕು. ಉಳಿತಾಯ 5,600ರಿಂದ ಶುರುವಾಗಿ ಐದನೇ ವರ್ಷಕ್ಕೆ 7,619 ಆಗುತ್ತದೆ. ಕೊನೆಗೆ ಸೇರುವ ಮೊತ್ತ ಸುಮಾರು 4 ಲಕ್ಷ 64 ಸಾವಿರ. ಶೇ 12ರ ಆಸೆ ಕೊಟ್ಟಿದ್ದನ್ನು, ಯಾವ ಅಪಾಯವೂ ಇಲ್ಲದೆ, ಬರೀ ಇನ್‌ಕ್ರಿಮೆಂಟಿನ ಐದನೇ ಒಂದು ಪಾಲು ಕೊಟ್ಟಿತು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಪ್ರತಿ ವರ್ಷ ಏರಿದ ಸಂಬಳದಲ್ಲಿ ಅರ್ಧ ಉಳಿತಾಯಕ್ಕೆ, ಅರ್ಧ ಖರ್ಚಿಗೆ. ಮೊದಲ ಏರಿಕೆ 2,240. ಅದರಲ್ಲಿ 1,120 ಉಳಿತಾಯಕ್ಕೆ ಸೇರಿ 6,720 ಆಗುತ್ತದೆ. ಹೀಗೇ ಹೋದರೆ ಐದನೇ ವರ್ಷ ತಿಂಗಳಿಗೆ ಹತ್ತೂವರೆ ಸಾವಿರ ದಾಟಿರುತ್ತದೆ. ಒಟ್ಟು ಸೇರುವುದು ಸುಮಾರು 5 ಲಕ್ಷ 60 ಸಾವಿರ. ಆರ್‌ಡಿಯ ಕಂತು ನಡುವೆ ಏರಿಸಲಾಗದು, ಹಾಗಾಗಿ ಪ್ರತಿ ವರ್ಷ ಏರಿದಷ್ಟಕ್ಕೆ ಬೇರೊಂದು ಖಾತೆ ತೆರೆಯಬೇಕು. ಅವು ಒಂದೊಂದು ವರ್ಷದ ಅಂತರದಲ್ಲಿ ಕೈಗೆ ಬರುತ್ತವೆ. ಇದರಲ್ಲಿ ಹೊಟ್ಟೆ ಕಟ್ಟುವುದೇನೂ ಇಲ್ಲ. ಮೊದಲ ವರ್ಷ ಅವಳ ಖರ್ಚು ತಿಂಗಳಿಗೆ 22,400 ಇತ್ತು, ಐದನೇ ವರ್ಷ 27,400ರ ಮೇಲೆ ಹೋಗಿರುತ್ತದೆ. ಬೆಲೆ ಏರಿಕೆಗೆ ರಿಸರ್ವ್ ಬ್ಯಾಂಕ್ ಇಟ್ಟುಕೊಂಡಿರುವ ಶೇ 4ರ ಗುರಿಗಿಂತ ಅವಳ ಖರ್ಚು ವೇಗವಾಗಿಯೇ ಬೆಳೆದಿದೆ. ಅಂದರೆ ಪ್ರತಿ ವರ್ಷವೂ ಅವಳು ಹಿಂದಿನ ವರ್ಷಕ್ಕಿಂತ ಸ್ವಲ್ಪ ಚೆನ್ನಾಗಿಯೇ ಬದುಕುತ್ತಿದ್ದಾಳೆ.

ಇಪ್ಪತ್ತರ ವಯಸ್ಸಿನವರಿಗೆ ಯಾವ ಫಂಡು ಒಳ್ಳೆಯದು ಎಂಬ ಚರ್ಚೆಗೆ ಸಿಗುವ ಸಮಯದ ಕಾಲು ಭಾಗವೂ, ಏಪ್ರಿಲ್ ಸಂಬಳ ಏರಿದಾಗ ಏನು ಮಾಡಬೇಕು ಎಂಬುದಕ್ಕೆ ಸಿಗುವುದಿಲ್ಲ. ಐದು ವರ್ಷದ ಮಟ್ಟಿಗೆ ಇದು ತಿರುವುಮುರುವು.

ಷೇರು ಪೇಟೆ ಕೆಟ್ಟದ್ದೆಂದಲ್ಲ. ಐದು ವರ್ಷ ಅದಕ್ಕೆ ಸಾಲದು, ಅಷ್ಟೇ. 2015ರ ಮಾರ್ಚ್‌ನಲ್ಲಿ ನಿಫ್ಟಿ ಸೂಚ್ಯಂಕ ಎಂಟೂವರೆ ಸಾವಿರದ ಆಸುಪಾಸಿನಲ್ಲಿತ್ತು. ಆಗ ಎಸ್‌ಐಪಿ ಶುರು ಮಾಡಿ, ಐದು ವರ್ಷ ಒಂದು ಕಂತೂ ತಪ್ಪಿಸದೆ ಕಟ್ಟಿದವರು 2020ರ ಮಾರ್ಚ್ 23ರಂದು ನೋಡಿದರೆ, ಕೊರೊನಾ ಭೀತಿಯಲ್ಲಿ ಸೂಚ್ಯಂಕ 7,600ಕ್ಕೆ ಕುಸಿದಿತ್ತು. ಐದು ವರ್ಷದ ಶಿಸ್ತು ನಷ್ಟದಲ್ಲಿ ನಿಂತಿತ್ತು. ಅದೇ ವರ್ಷದ ಕೊನೆಗೆ ಸೂಚ್ಯಂಕ ಹದಿನಾಲ್ಕು ಸಾವಿರದ ಹತ್ತಿರ ಬಂತು ಎಂಬುದೂ ನಿಜ. ಒಂಬತ್ತು ತಿಂಗಳು ಕಾಯಬಲ್ಲವರು ಬಚಾವಾದರು. ಏಪ್ರಿಲ್‌ನಲ್ಲೇ ತಂಗಿಯ ಕಾಲೇಜು ಫೀಸು ಕಟ್ಟಬೇಕಿದ್ದವರು, ಅಥವಾ ಅದೇ ತಿಂಗಳು ಕೆಲಸ ಕಳೆದುಕೊಂಡವರು ನಷ್ಟಕ್ಕೇ ಮಾರಿದರು. ದಿನಾಂಕ ಗೊತ್ತಿರುವ ಖರ್ಚಿನ ದುಡ್ಡು ಆರ್‌ಡಿಯಲ್ಲಿರಲಿ. ಹತ್ತು ಹದಿನೈದು ವರ್ಷ ಮುಟ್ಟುವುದಿಲ್ಲ ಎಂದು ಗಟ್ಟಿ ಮಾಡಿಕೊಂಡ ಸಾವಿರ, ಎರಡು ಸಾವಿರ ಎಸ್‌ಐಪಿಗೆ ಹೋಗಲಿ.

ಉಳಿತಾಯ ಎಂಬ ಹೆಸರಿನಲ್ಲಿ ಬರುವ ಇನ್ನೆರಡರ ಬಗ್ಗೆ ಹೇಳದಿದ್ದರೆ ನಮ್ಮ ಲೆಕ್ಕ ಪೂರ್ತಿಯಾಗುವುದಿಲ್ಲ. ಒಂದು, ಮೊದಲ ಸಂಬಳದ ಸುದ್ದಿ ತಿಳಿದ ವಾರದಲ್ಲೇ ಮನೆಗೆ ಬರುವ ನೆಂಟರ ಪೈಕಿಯ ಏಜೆಂಟರು. ಇಪ್ಪತ್ತು ವರ್ಷದ ಉಳಿತಾಯ-ವಿಮೆ ಪಾಲಿಸಿಗೆ ವರ್ಷಕ್ಕೆ ಮೂವತ್ತು ಸಾವಿರ ಕಂತು ಎಂದರೆ ಅವಳ ಉಳಿತಾಯದ ಅರ್ಧಕ್ಕೆ ಹತ್ತಿರ. ಮೊದಲ ಕೆಲವು ವರ್ಷಗಳಲ್ಲಿ ಬಿಟ್ಟರೆ ಕಟ್ಟಿದ್ದಕ್ಕಿಂತ ಕಡಿಮೆ ವಾಪಸು ಬರುತ್ತದೆ, ಹಾಗಾಗಿ ಬಿಡಲೂ ಆಗದು. ತನ್ನನ್ನು ನಂಬಿದ ಮನೆಯವರಿಗೆ ವಿಮೆ ಬೇಕು ಎನ್ನುವುದಾದರೆ ಬ್ಯಾಂಕುಗಳಲ್ಲಿ ಸಿಗುವ ಪ್ರಧಾನಮಂತ್ರಿ ಜೀವನ ಜ್ಯೋತಿ ಯೋಜನೆಗೆ ವರ್ಷಕ್ಕೆ 436 ರೂಪಾಯಿ, ಸುರಕ್ಷಾ ಅಪಘಾತ ವಿಮೆಗೆ 20 ರೂಪಾಯಿ. ಎರಡರಲ್ಲೂ 2 ಲಕ್ಷದ ರಕ್ಷಣೆ ಇದೆ. ಇನ್ನೊಂದು, ಚೀಟಿ. ನೋಂದಾಯಿತ ಚೀಟಿಗೆ 1982ರ ಕಾಯ್ದೆಯ ಕಾವಲಿದೆ, ಸರ್ಕಾರಿ ಸ್ವಾಮ್ಯದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಪಿಜಿಯ ಆಂಟಿಯೋ ಕಾರ್ಖಾನೆಯ ಸೂಪರ್‌ವೈಸರೋ ನಡೆಸುವ ಕೈಚೀಟಿಗೆ ಅವರ ಮಾತೊಂದೇ ಕಾವಲು. ಮುಳುಗಿದಾಗ ಪೊಲೀಸರಿಗೆ ತೋರಿಸಲು ಡೈರಿಯ ಹಾಳೆಯ ಹೊರತು ಏನೂ ಇರುವುದಿಲ್ಲ.

ಈ ಇಡೀ ಲೆಕ್ಕಕ್ಕೆ ಒಂದು ಮಿತಿಯಿದೆ. ಕೈಗೆ 16,000 ಬರುವ ಹುಡುಗನಿಗೆ ಅರ್ಧ ಅಂದರೆ 8,000. ಬೆಂಗಳೂರಿನಲ್ಲಿ ಪಿಜಿ ಕಟ್ಟಿದರೆ ಊರಿಗೆ ಕಳಿಸಲು ಉಳಿಯುವುದಿಲ್ಲ. ಅವನ ಅಗತ್ಯ ನೂರಕ್ಕೆ ಎಪ್ಪತ್ತೈದಾಗಿರುತ್ತದೆ, ಅದು ಅವನ ತಪ್ಪಲ್ಲ. ಅಂಥವರಿಗೆ 75, 15, 10 ಎಂಬ ಹಂಚಿಕೆ ಹೆಚ್ಚು ಪ್ರಾಮಾಣಿಕ. ತಿಂಗಳಿಗೆ 1,600 ಆರ್‌ಡಿ ಕಟ್ಟಿದರೆ ಐದು ವರ್ಷಕ್ಕೆ 1 ಲಕ್ಷ 14 ಸಾವಿರ. ಅವನಿಗೆ ಒಂದು ಅನುಕೂಲ ಇದೆ, ಬಹಳ ಮಂದಿ ಬಳಸಿಕೊಳ್ಳದೇ ಇರುವಂಥದ್ದು: 21,000ದವರೆಗಿನ ಸಂಬಳಕ್ಕೆ ಇಎಸ್‌ಐ ಅನ್ವಯಿಸುತ್ತದೆ. ಸಂಬಳದಿಂದ ಶೇ 0.75ರಷ್ಟು ಮಾತ್ರ ಹೋಗುತ್ತದೆ, ಮನೆಯವರ ಚಿಕಿತ್ಸೆಯೂ ಅದರಲ್ಲಿ ಸೇರುತ್ತದೆ. ಪೀಣ್ಯದ ಹುಡುಗಿಗೆ ಆ ಸೌಲಭ್ಯವಿಲ್ಲ. ಕಂಪನಿಯ ಗುಂಪು ವಿಮೆಯಲ್ಲಿ ಅಪ್ಪ ಅಮ್ಮ ಸೇರಿದ್ದಾರೆಯೇ ಎಂದು ಅವಳು ಎಚ್‌ಆರ್ ಹತ್ತಿರ ಕೇಳಬೇಕು.

ಐದು ವರ್ಷದ ಕೊನೆಗೆ ಅವಳ ಕೈಯಲ್ಲಿ ಇರುವುದೇನು? ಹಣವನ್ನು ತಿಂಗಳುಗಳಲ್ಲಿ ಅಳೆದರೆ ಸರಿಯಾಗಿ ತಿಳಿಯುತ್ತದೆ. ವರ್ಷಕ್ಕೆ ಶೇ 4ರಂತೆ ಬೆಲೆ ಏರಿದರೆ ಇವತ್ತಿನ 14,000ದ ಅಗತ್ಯ ಆಗ 17,000 ಆಗಿರುತ್ತದೆ. ಸಂಬಳ ಏರದೆಯೂ ಸೇರಿದ 4 ಲಕ್ಷ ಎಂದರೆ ಇಪ್ಪತ್ತಮೂರು ತಿಂಗಳ ಬದುಕು. 5 ಲಕ್ಷ 60 ಸಾವಿರ ಎಂದರೆ ಮೂವತ್ತೆರಡು ತಿಂಗಳದ್ದು. ಬೈಯುವ ಮ್ಯಾನೇಜರನ್ನು ಬಿಟ್ಟು ಬೇರೆ ಕೆಲಸ ಹುಡುಕಲು, ಆರು ತಿಂಗಳ ಕೋರ್ಸು ಮಾಡಲು, ಹುಷಾರು ತಪ್ಪಿದ ಅಪ್ಪನ ಜತೆ ಒಂದು ತಿಂಗಳು ಊರಿನಲ್ಲಿರಲು ಇದು ಸಾಕು. ಪಿಜಿ ಬಿಟ್ಟು ಗೆಳತಿಯ ಜತೆ ಬಾಡಿಗೆ ಮನೆ ಹಿಡಿಯುವುದಾದರೆ ಬೆಂಗಳೂರಿನ ಮಾಲೀಕರು ಕೇಳುವ ಆರು, ಎಂಟು, ಹತ್ತು ತಿಂಗಳ ಅಡ್ವಾನ್ಸಿಗೂ ಸಾಲ ಬೇಕಿಲ್ಲ. ಆ ದುಡ್ಡು ಖರ್ಚಾಗುವುದೂ ಇಲ್ಲ. ಮನೆ ಬಿಡುವಾಗ ಪೇಂಟಿಂಗ್ ಎಂದು ಮುರಿದುಕೊಂಡು ಉಳಿದದ್ದು ವಾಪಸು ಬರುತ್ತದೆ, ಆದರೆ ಬಡ್ಡಿ ಇಲ್ಲದೆ.

ಇದರ ಜತೆಗೆ ಅವಳು ಎಣಿಸದೇ ಬಿಟ್ಟ ಇನ್ನೊಂದು ಗಂಟಿದೆ. ಪಿಎಫ್‌ಗೆ ಅವಳ 1,800 ಪೂರ್ತಿ ಹೋಗುತ್ತಿತ್ತು. ಕಂಪನಿಯ 1,800ರಲ್ಲಿ 1,250 ಪಿಂಚಣಿ ಯೋಜನೆಗೆ ಹೋಗಿ 550 ಮಾತ್ರ ಅವಳ ಪಿಎಫ್ ಖಾತೆಗೆ ಸೇರುತ್ತಿತ್ತು. ತಿಂಗಳಿಗೆ 2,350. ಇತ್ತೀಚಿನ ವರ್ಷಗಳ ಶೇ 8.25ರ ಬಡ್ಡಿಯೇ ಮುಂದುವರಿದರೆ ಐದು ವರ್ಷಕ್ಕೆ ಸುಮಾರು 1 ಲಕ್ಷ 72 ಸಾವಿರ. ಕೆಲಸ ಬದಲಿಸಿದಾಗಲೆಲ್ಲ ಇದನ್ನು ತೆಗೆದು ಫೋನು ಕೊಳ್ಳುವ ಚಾಳಿ ಹೊಸಬರಲ್ಲಿ ಬಹಳ. ಐದು ವರ್ಷದ ಸೇವೆ ತುಂಬುವ ಮೊದಲು ತೆಗೆದರೆ ಸಾಮಾನ್ಯವಾಗಿ ತೆರಿಗೆಯ ಲೆಕ್ಕಕ್ಕೂ ಬರುತ್ತದೆ. ಯುಎಎನ್ ಸಂಖ್ಯೆ ಒಂದೇ ಇಟ್ಟುಕೊಂಡು ಹಳೆಯ ಕಂಪನಿಯ ಖಾತೆಯನ್ನು ಹೊಸದಕ್ಕೆ ವರ್ಗಾಯಿಸಿದರೆ ಸೇವೆಯ ವರ್ಷಗಳೂ ಕೂಡಿಕೊಳ್ಳುತ್ತವೆ.

ಗ್ರಾಚ್ಯುಟಿ ಮಾತ್ರ ಹಾಗೆ ಕೂಡಿಕೊಳ್ಳುವುದಿಲ್ಲ. ಕಾಯಂ ನೌಕರರಿಗೆ ಅದೇ ಕಂಪನಿಯಲ್ಲಿ ಐದು ವರ್ಷ ತುಂಬಿದ ಮೇಲೆಯೇ ಅದು ಕೈಗೆ ಬರುವುದು. ಕೊನೆಯ ಮೂಲ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷಗಳಿಂದ ಗುಣಿಸಬೇಕು. ಮೂಲ ವೇತನ 15,000ದಲ್ಲೇ ನಿಂತಿದ್ದರೂ 43 ಸಾವಿರ ದಾಟುತ್ತದೆ. ನಾಲ್ಕನೇ ವರ್ಷದ ಕೊನೆಯಲ್ಲಿ ಬೇರೆ ಕಂಪನಿಯಿಂದ ಎರಡು ಸಾವಿರ ಹೆಚ್ಚಿನ ಸಂಬಳಕ್ಕೆ ಕರೆ ಬಂದರೆ, ರಾಜೀನಾಮೆ ಬರೆಯುವ ಮೊದಲು ನೇಮಕಾತಿ ಪತ್ರದಲ್ಲಿ ಸೇರಿದ ದಿನಾಂಕ ಯಾವುದೆಂದು ಅವಳು ನೋಡಿಕೊಳ್ಳಬೇಕು. ಆ ಎರಡು ಸಾವಿರದ ಏರಿಕೆಯಿಂದ 43 ಸಾವಿರ ಸಂಪಾದಿಸಲು ಇಪ್ಪತ್ತೆರಡು ತಿಂಗಳು ಬೇಕು.